ರುದ್ರಾಕ್ಷಿ, ತುಳಸಿ ಮಣಿ: ಕೊಳ್ಳುವ ಮುಂಚೆ, ಧರಿಸಿದ ಮೇಲೆ ಜನ ಕೇಳುವ ಪ್ರಶ್ನೆಗಳು

ಸರ ಪೋಣಿಸಿಕೊಡಿ ಅಂತ ಬರುವವರು ಮಣಿ ಜೊತೆ ಒಂದೆರಡು ಪ್ರಶ್ನೆಯನ್ನೂ ತರುತ್ತಾರೆ. ಊರು ಬೇರೆ, ಮನೆತನ ಬೇರೆ ಆದರೂ ಪ್ರಶ್ನೆಗಳು ಹೆಚ್ಚುಕಮ್ಮಿ ಅವೇ. ಕೇಳಿದ ಮಾತಿನಲ್ಲೇ ಅವನ್ನು ಇಲ್ಲಿ ಬರೆದು ಉತ್ತರ ಕೊಟ್ಟಿದ್ದೇನೆ. ಸುಲಭದ್ದು ಮೊದಲು, ತಲೆ ಕೆರೆದುಕೊಳ್ಳುವಂಥದ್ದು ಆಮೇಲೆ.

## ಮೊದಮೊದಲು ಕೇಳುವುದು

ರುದ್ರಾಕ್ಷಿ ಅಂದ್ರೆ ಬೀಜಾನಾ, ಕಾಯಿನಾ, ಮರದ ತುಂಡಾ?

ಅದು ಒಂದು ಹಣ್ಣಿನ ಒಳಗಿನ ಓಟೆ. ಮಾವಿನ ಹಣ್ಣಿನೊಳಗೆ ಗೊರಟೆ ಇರುತ್ತದಲ್ಲ, ಹಾಗೆ. ರುದ್ರಾಕ್ಷಿ ಮರದ ಹಣ್ಣು ಮಾಗಿದಾಗ ಹೊಳೆಯುವ ನೀಲಿ ಬಣ್ಣದ್ದು. ಮೇಲೆ ತೆಳುವಾದ ತಿರುಳು, ಒಳಗೆ ಗಟ್ಟಿ ಓಟೆ. ಹಣ್ಣನ್ನು ಕೆಲವು ದಿನ ನೀರಲ್ಲಿ ನೆನೆಹಾಕಿ, ಕೊಳೆತ ತಿರುಳನ್ನು ಉಜ್ಜಿ ತೆಗೆದರೆ ನಮಗೆ ಗೊತ್ತಿರುವ ಗುಂಡನೆಯ, ಗೀರುಗೀರಾದ ಮಣಿ ಸಿಗುತ್ತದೆ. ನಿಜವಾದ ಬೀಜ ಈ ಓಟೆಯೊಳಗಿನ ಪುಟ್ಟ ಕೋಣೆಗಳಲ್ಲಿ ಕೂತಿರುತ್ತದೆ.

ಮೇಲಿಂದ ಕೆಳಗೆ ಇಳಿಯುವ ಒಂದೊಂದು ಗೀರಿಗೂ ಒಳಗೆ ಒಂದೊಂದು ಕೋಣೆ. ಆ ಗೀರನ್ನೇ ಮುಖ ಅನ್ನುವುದು. ಐದು ಗೀರಿದ್ದರೆ ಪಂಚಮುಖಿ. ಈ ಮರದಲ್ಲಿ ಸಾಮಾನ್ಯವಾಗಿ ಬಿಡುವುದೇ ಪಂಚಮುಖಿ. ಹಾಗಾಗಿ ಅದು ಅಗ್ಗ. ಅಗ್ಗ ಅಂದ ಮಾತ್ರಕ್ಕೆ ಕಡಿಮೆ ದರ್ಜೆಯದು ಅಂತಲ್ಲ.

ನಮ್ಮ ಮಾರುಕಟ್ಟೆಗೆ ಬರುವುದು ಮುಖ್ಯವಾಗಿ ನೇಪಾಳ ಮತ್ತು ಇಂಡೋನೇಷ್ಯಾದಿಂದ. ನೇಪಾಳದ್ದು ದಪ್ಪ, ಗೀರು ಆಳ. ಇಂಡೋನೇಷ್ಯಾದ್ದು ಚಿಕ್ಕದು, ಸ್ವಲ್ಪ ನುಣುಪು. ಸಣ್ಣ ಮಣಿಯ ಸರಗಳೆಲ್ಲ ಹೆಚ್ಚಾಗಿ ಅಲ್ಲಿನವೇ. ನಮ್ಮ ಪಶ್ಚಿಮ ಘಟ್ಟದಲ್ಲೂ ಇದೇ ಕುಲದ ಮರಗಳಿವೆ. ಅದರಲ್ಲಿ ಒಂದನ್ನು ಅಲ್ಲಿನವರು ರುದ್ರಾಕ್ಷಿ ಅಂತಲೇ ಕರೆಯುತ್ತಾರೆ. ಅದರ ಓಟೆ ದೊಡ್ಡದು, ಚಪ್ಪಟೆ. ಸರಕ್ಕೆ ಬಳಸುವ ಗುಂಡು ಮಣಿ ಅದರದ್ದಲ್ಲ.

ತುಳಸಿ ಮಣೀನೂ ಬೀಜದಿಂದಾನೇ ಮಾಡ್ತಾರಾ?

ಇಲ್ಲ. ತುಳಸಿ ಬೀಜ ರಾಗಿಗಿಂತ ಚಿಕ್ಕದು, ಅದನ್ನು ಪೋಣಿಸಲು ಆಗುವುದಿಲ್ಲ. ಮಣಿ ಮಾಡುವುದು ಗಿಡದ ಒಣಗಿದ ಕಾಂಡ ಮತ್ತು ಬುಡದಿಂದ. ಗಿಡ ಎರಡು ಮೂರು ವರ್ಷ ಹಳೆಯದಾದರೆ ಬುಡ ಗಟ್ಟಿ ಮರವಾಗುತ್ತದೆ. ಅದನ್ನು ತುಂಡು ಮಾಡಿ, ಕಡೆದು, ತೂತು ಹಾಕುತ್ತಾರೆ. ಮಥುರಾ, ವೃಂದಾವನದ ಸುತ್ತಮುತ್ತ ಇದೇ ಕಸುಬಿನ ಕುಟುಂಬಗಳಿವೆ.

ಹಸಿರೆಲೆಯದು, ಕಪ್ಪು ಛಾಯೆಯದು ಅಂತ ಎರಡು ಬಗೆ. ಎರಡನೆಯದೇ ಕೃಷ್ಣ ತುಳಸಿ. ಮಣಿಯಾದ ಮೇಲೆ ಯಾವುದು ಯಾವ ಗಿಡದ್ದು ಅಂತ ಕಣ್ಣಿಂದ ನೋಡಿ ಹೇಳುವುದು ಕಷ್ಟ. "ಇದು ಅಪ್ಪಟ ಕೃಷ್ಣ ತುಳಸಿ, ಅದಕ್ಕೇ ರೇಟು ಜಾಸ್ತಿ" ಅಂದರೆ ಸುಮ್ಮನೆ ನಕ್ಕು ಮುಂದೆ ಹೋಗಿ.

ರುದ್ರಾಕ್ಷಿ ಶಿವನಿಗೆ, ತುಳಸಿ ವಿಷ್ಣುವಿಗೆ ಅಂತ ಯಾಕೆ?

ರುದ್ರಾಕ್ಷಿಯ ಕಥೆ ಕಣ್ಣೀರಿನದು. ತ್ರಿಪುರಾಸುರರ ವಧೆಯ ಹೊತ್ತಿಗೆ ಬಹಳ ಕಾಲ ಕಣ್ಣು ತೆರೆದೇ ಇದ್ದ ರುದ್ರನ ಕಣ್ಣಿಂದ ಹನಿ ಬಿತ್ತು, ಅದು ಮರವಾಯಿತು ಅನ್ನುತ್ತಾರೆ. ಶಿವಪುರಾಣ, ದೇವೀಭಾಗವತ, ರುದ್ರಾಕ್ಷ ಜಾಬಾಲ ಉಪನಿಷತ್ತು, ಮೂರರಲ್ಲೂ ಸಣ್ಣಪುಟ್ಟ ವ್ಯತ್ಯಾಸದೊಂದಿಗೆ ಈ ಕಣ್ಣೀರಿನ ಮಾತು ಬರುತ್ತದೆ. ಹಾಗಾಗಿ ಶಿವಭಕ್ತರಿಗೆ ಅದು ಶಿವನ ಗುರುತು. ಕೊರಳಲ್ಲಿದ್ದರೆ ಆತ ಮೈಮೇಲೆ ಇದ್ದ ಹಾಗೆ.

ತುಳಸಿಯದು ವೃಂದೆಯ ಕಥೆ. ಜಲಂಧರನ ಹೆಂಡತಿ ವೃಂದೆ ತುಳಸಿಯಾದಳು, ವಿಷ್ಣು ಅವಳನ್ನು ವರಿಸಿದ ಅನ್ನುವ ನಂಬಿಕೆ. ಅದನ್ನೇ ನಾವು ಕಾರ್ತಿಕ ಶುದ್ಧ ದ್ವಾದಶಿಯ ದಿನ ಅಂಗಳದಲ್ಲಿ ಆಡುತ್ತೇವೆ. ಕಟ್ಟೆಯ ತುಳಸಿ ಪಕ್ಕ ಕಾಯಿ ಇರುವ ನೆಲ್ಲಿ ಕೊಂಬೆ ನೆಟ್ಟು ಮದುವೆ ಮಾಡುತ್ತೇವೆ, ನೆಲ್ಲಿಕಾಯಿ ಆರತಿ ಎತ್ತುತ್ತೇವೆ. ಕೊರಳಿಗೆ ತುಳಸಿ ಮಣಿ ಹಾಕುವುದರ ಅರ್ಥ ಇಲ್ಲಿಂದಲೇ ಬರುತ್ತದೆ. ದೇವರಿಗೆ ಅರ್ಪಿಸುವ ಮುಂಚೆ ನೈವೇದ್ಯದ ಮೇಲೆ ತುಳಸಿ ದಳ ಇಡುತ್ತೇವಲ್ಲ, ಹಾಗೆ ಈ ದೇಹವೂ ಅರ್ಪಿಸಿದ್ದು ಅಂತ.

ಇವೆರಡೇ ಅಲ್ಲದೆ ಬೇರೆ ಯಾವ ಗಿಡದ್ದು ಧರಿಸ್ತಾರೆ?

ಬೇಕಾದಷ್ಟಿವೆ. ಲಕ್ಷ್ಮಿ ಜಪಕ್ಕೆ ತಾವರೆ ಬೀಜದ ಸರ. ಕಪ್ಪಗೆ, ಗೋಲಿಯಂತೆ ಗಟ್ಟಿ. ಕೃಷ್ಣಭಕ್ತರಲ್ಲಿ ವೈಜಯಂತಿ ಮಣಿ ಇದೆ. ಅದು ಹುಲ್ಲಿನ ಜಾತಿಯ ಗಿಡದ ಕಾಳು. ಬೂದು ಬಿಳುಪು, ನಡುವೆ ತೂತು ತಾನಾಗೇ ಇರುತ್ತದೆ, ಸೂಜಿ ಹಾಕಿದರೆ ಸಾಕು. ಪುತ್ರಂಜೀವ ಮರದ ಓಟೆಯನ್ನು ಮಕ್ಕಳಿಗೆ ರಕ್ಷೆ ಅಂತ ಕಟ್ಟುತ್ತಾರೆ. ಶ್ರೀಗಂಧದ ಸರ ಎಲ್ಲರಿಗೂ ಗೊತ್ತು. ಈಗ ಸಿಗುವುದರಲ್ಲಿ ಬೇರೆ ಮರಕ್ಕೆ ಸೆಂಟು ಹಾಕಿದ್ದೇ ಜಾಸ್ತಿ.

ಕಾಯಂ ಅಲ್ಲದೆ ಆ ಹೊತ್ತಿಗೆ ಮಾತ್ರ ಧರಿಸುವುವೂ ಇವೆ. ತರ್ಪಣಕ್ಕೆ ಕೂತಾಗ ಉಂಗುರದ ಬೆರಳಿಗೆ ದರ್ಭೆಯ ಪವಿತ್ರ. ರಥಸಪ್ತಮಿಯ ಬೆಳಗ್ಗೆ ತಲೆ, ಭುಜದ ಮೇಲೆ ಏಳು ಎಕ್ಕದ ಎಲೆ ಇಟ್ಟುಕೊಂಡು ಸ್ನಾನ. ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಅಪಾಯ. ಮಕ್ಕಳ ತಲೆ ಮೇಲೆ ಎಲೆ ಇಡುವ ಮುಂಚೆ ತೊಟ್ಟನ್ನು ತೊಳೆದು ಒರೆಸಿ.

ಗುಲಗಂಜಿ ಸರದ ಬಗ್ಗೆ ಒಂದು ಮಾತು. ಕೆಂಪು-ಕಪ್ಪು, ನೋಡಲು ಚೆಂದ. ಆದರೆ ಒಳಗಿನದು ಕಡು ವಿಷ. ಇಡೀ ಕಾಳು ನುಂಗಿದರೆ ಗಟ್ಟಿ ಸಿಪ್ಪೆಯಿಂದಾಗಿ ಒಮ್ಮೊಮ್ಮೆ ಏನೂ ಆಗದೆ ಹೋಗಬಹುದು. ಆದರೆ ಸರಕ್ಕೆ ತೂತು ಹಾಕಿದ ಕಾಳಿನಲ್ಲಿ ಆ ಸಿಪ್ಪೆ ಒಡೆದಿರುತ್ತದೆ. ಚಿಕ್ಕ ಮಕ್ಕಳಿರುವ ಮನೆಗೆ ಅದು ಬೇಡವೇ ಬೇಡ.

## ಧರಿಸುವ ಬಗ್ಗೆ

ನಮ್ಮಲ್ಲಿ ಲಿಂಗಧಾರಣೆ ಆಗಿದೆ. ರುದ್ರಾಕ್ಷಿ ಹಾಕಲೇಬೇಕಾ? ಎಷ್ಟು ಮುಖದ್ದು?

ಗುರು, ಲಿಂಗ, ಜಂಗಮ, ಪಾದೋದಕ, ಪ್ರಸಾದ, ವಿಭೂತಿ, ರುದ್ರಾಕ್ಷಿ, ಮಂತ್ರ. ಇವು ಅಷ್ಟಾವರಣ. ಅಂದರೆ ಲಿಂಗಾಯತ ವೀರಶೈವರಲ್ಲಿ ರುದ್ರಾಕ್ಷಿ ಅಲಂಕಾರಕ್ಕೆ ಹಾಕುವ ಒಡವೆ ಅಲ್ಲ, ಎಂಟು ಆವರಣಗಳಲ್ಲಿ ಒಂದು. ದೀಕ್ಷೆ ಕೊಟ್ಟ ಗುರುಗಳು ಹೇಗೆ ಹೇಳಿದ್ದಾರೋ ಹಾಗೆ ಧರಿಸುವುದು ಪದ್ಧತಿ. ಕೆಲವರು ಶಿವದಾರದಲ್ಲೇ ಒಂದೆರಡು ಮಣಿ ಸೇರಿಸುತ್ತಾರೆ. ಕೆಲವರು ಪೂಜೆಗೆ ಕೂತಾಗ ಮಾತ್ರ ಸರ ಹಾಕುತ್ತಾರೆ.

ಮುಖದ ಲೆಕ್ಕಕ್ಕೆ ಬಂದರೆ, ಮಠಗಳಲ್ಲಿ ನೀವು ನೋಡುವುದು ಬಹುಪಾಲು ಪಂಚಮುಖಿಯೇ. ರಾಶಿ, ನಕ್ಷತ್ರ ನೋಡಿ ಮುಖ ಆರಿಸುವುದು ಜ್ಯೋತಿಷ್ಯದ ಅಂಗಡಿಯ ವ್ಯವಹಾರ. ಅದಕ್ಕೂ ಅಷ್ಟಾವರಣಕ್ಕೂ ಸಂಬಂಧ ಇಲ್ಲ. ಸಾವಿರಗಟ್ಟಲೆ ಖರ್ಚು ಮಾಡುವ ಮುಂಚೆ ನಿಮ್ಮ ಗುರುಗಳ ಕೊರಳಲ್ಲಿ ಏನಿದೆ ಅಂತ ಒಮ್ಮೆ ನೋಡಿ.

ತುಳಸಿ ಸರ ಹಾಕಿಕೊಂಡ್ರೆ ಮಾಂಸ, ಮದ್ಯ ಬಿಡಬೇಕಂತೆ, ಹೌದಾ?

ದೀಕ್ಷೆಯ ರೂಪದಲ್ಲಿ ಹಾಕಿಕೊಂಡರೆ ಹೌದು. ಬೆಳಗಾವಿ, ವಿಜಯಪುರದ ಕಡೆ ಪಂಢರಪುರದ ವಾರಿಗೆ ನಡೆಯುವವರನ್ನು ಕೇಳಿ ನೋಡಿ. ಅವರಲ್ಲಿ "ಮಾಳ ಹಾಕಿದಾನ" ಅಂದರೆ ಆತ ಮಾಂಸ, ಹೆಂಡ ಬಿಟ್ಟ, ಏಕಾದಶಿ ಉಪವಾಸ ಹಿಡಿದ ಅಂತಲೇ ಅರ್ಥ. ಅಂಥವರಿಗೆ ಮಾಳಕರಿ ಅನ್ನುತ್ತಾರೆ. ಸರ ಇಲ್ಲಿ ಒಂದು ಮಾತು ಕೊಟ್ಟದ್ದರ ಗುರುತು. ಗೌಡೀಯ ವೈಷ್ಣವರ ಕಂಠಿಯೂ ಹಾಗೇ. ಸಣ್ಣ ಮಣಿ, ಎರಡೋ ಮೂರೋ ಎಳೆ, ಕತ್ತಿಗೆ ಅಂಟಿಕೊಂಡಂತೆ. ಅದನ್ನು ಅವರು ತೆಗೆಯುವುದಿಲ್ಲ.

ತುಳಸಿ ಮಾಲೆ ಹಾಕಲು ಮೊದಲು ನಾಚುತ್ತಿದ್ದೆ, ದೇವರೇ ಹಾಕಿಸಿದ ಅಂತ ಪುರಂದರದಾಸರೇ ಹೇಳಿಕೊಂಡಿದ್ದಾರೆ. ಸಾಹುಕಾರಿಕೆ ಬಿಟ್ಟು ದಾಸರಾದವರು ಅವರು. ಅಲ್ಲೂ ಸರ ಅಂದರೆ ಬದಲಾದ ಬದುಕಿನ ಗುರುತೇ.

ದೇವಸ್ಥಾನದ ಮುಂದೆ ಮೂವತ್ತು ರೂಪಾಯಿ ಕೊಟ್ಟು ಚೆಂದ ಕಂಡಿತು ಅಂತ ಹಾಕಿಕೊಂಡಿದ್ದರೆ? ಯಾವ ಮಾತೂ ಕೊಟ್ಟಂತೆ ಆಗಲಿಲ್ಲ. ಆದರೆ ಅದನ್ನು ಕೊರಳಲ್ಲಿಟ್ಟುಕೊಂಡು ಬಾಡೂಟಕ್ಕೆ ಕೂತರೆ ಎದುರಿನವರಿಗೆ ಇರಿಸುಮುರಿಸಾಗುತ್ತದೆ. ತೆಗೆದು ದೇವರ ಮುಂದಿಟ್ಟು ಹೋಗುವುದು ಮರ್ಯಾದೆ.

ಅಯ್ಯಪ್ಪ ಮಾಲೆಗೆ ರುದ್ರಾಕ್ಷೀನೋ ತುಳಸೀನೋ? ಅರ್ಧದಲ್ಲಿ ಹರಿದು ಹೋದ್ರೆ?

ಎರಡೂ ಆಗುತ್ತದೆ. ಹರಿಹರಸುತ ಅಲ್ವಾ, ಹಾಗಾಗಿ ಇಲ್ಲಿ ಜಗಳವೇ ಇಲ್ಲ. ಎಷ್ಟೋ ಜನ ಎರಡನ್ನೂ ಜೊತೆಗೆ ಹಾಕುತ್ತಾರೆ. ಮಂಡಲ ವ್ರತ 41 ದಿನದ್ದು. ಶುರುವಾಗುವುದು ನವೆಂಬರ್ ಮಧ್ಯದಲ್ಲಿ, ವೃಶ್ಚಿಕ ಮಾಸದ ಮೊದಲ ದಿನ. ಗುರುಸ್ವಾಮಿ ಅಥವಾ ತಾಯಿ ಕೈಯಿಂದ ಮಾಲೆ ಹಾಕಿಸಿಕೊಂಡು, ಮಲೆಯಿಂದ ಬಂದ ಮೇಲೆ ಮಂತ್ರ ಹೇಳಿ ತೆಗೆಸಿಕೊಳ್ಳುತ್ತಾರೆ.

ದಾರ ಹರಿಯುವುದು ಅಪಶಕುನ ಅಲ್ಲ. ಬೆವರು, ಎರಡು ಹೊತ್ತಿನ ತಣ್ಣೀರು ಸ್ನಾನ, ಒದ್ದೆ ಮೈಮೇಲೆ ಸರ. ಹತ್ತಿ ದಾರ ಒಂದು ತಿಂಗಳಲ್ಲಿ ಕೊಳೆಯಲೇಬೇಕು. ಮಣಿ ಆರಿಸಿಕೊಂಡು, ಹೊಸ ದಾರಕ್ಕೆ ಪೋಣಿಸಿ, ಗುರುಸ್ವಾಮಿಗೆ ಹೇಳಿ ಮತ್ತೆ ಹಾಕಿಕೊಳ್ಳಿ. ವ್ರತದ ನಡುವೆ ಹತ್ತಿರದವರ ಸಾವಾದರೆ ಮಾತ್ರ ಮಾಲೆ ತೆಗೆದು ಆ ವರ್ಷದ ಯಾತ್ರೆ ಬಿಡುವ ರೂಢಿ ಇದೆ. ಅದನ್ನೂ ಗುರುಸ್ವಾಮಿಯನ್ನೇ ಕೇಳಬೇಕು.

ರುದ್ರಾಕ್ಷಿ, ತುಳಸಿ ಎರಡನ್ನೂ ಒಟ್ಟಿಗೆ ಹಾಕಬಾರದಂತೆ?

ಮನೆತನದ ಮೇಲೆ ಹೋಗುತ್ತದೆ. ಸ್ಮಾರ್ತರಲ್ಲಿ, ಅಯ್ಯಪ್ಪ ಭಕ್ತರಲ್ಲಿ ಅಡ್ಡಿಯಿಲ್ಲ. ಮಾಧ್ವರಲ್ಲಿ ತುಳಸಿ ಮಾತ್ರ, ಲಿಂಗಾಯತರಲ್ಲಿ ರುದ್ರಾಕ್ಷಿ ಮಾತ್ರ. ಒಂದರ ಶಕ್ತಿ ಇನ್ನೊಂದನ್ನು ಕೆಡಿಸುತ್ತದೆ ಅನ್ನುವುದು ಈಚಿನ ಮಾತು, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಹೆಂಗಸರು ರುದ್ರಾಕ್ಷಿ ಹಾಕಬಹುದಾ? ಮುಟ್ಟಾದಾಗ ತೆಗೀಬೇಕಾ?

ಹಾಕಬಹುದು. 12ನೇ ಶತಮಾನದಲ್ಲೇ ಶರಣೆಯರು ಇಷ್ಟಲಿಂಗ, ವಿಭೂತಿ, ರುದ್ರಾಕ್ಷಿ ಧರಿಸಿದವರು. ಶರಣರು ಪಂಚಸೂತಕಗಳನ್ನು ಒಪ್ಪಲಿಲ್ಲ. ಜನನ, ಮರಣ, ಜಾತಿ, ಎಂಜಲು, ಮುಟ್ಟು ಇವೇ ಆ ಐದು. ಹಾಗಾಗಿ ಆ ದಾರಿಯಲ್ಲಿ ತೆಗೆಯುವ ಪ್ರಶ್ನೆಯೇ ಏಳುವುದಿಲ್ಲ.

ಮಡಿ ಪಾಲಿಸುವ ಮನೆಗಳಲ್ಲಿ ಆ ದಿನಗಳಲ್ಲಿ ತೆಗೆದಿಡುತ್ತಾರೆ. ಅತ್ತೆ ತೆಗಿ ಅಂತಾರೆ, ತವರಲ್ಲಿ ತೆಗೆಯೋದು ಬೇಡ ಅಂತಿದ್ದರು, ಏನು ಮಾಡಲಿ ಅಂತ ಕೇಳುವವರು ಬಹಳ. ಮಣಿಗಂತೂ ಏನೂ ಆಗುವುದಿಲ್ಲ. ಉಳಿದದ್ದು ನೀವು ಯಾವ ಪದ್ಧತಿಯನ್ನು ನಿಮ್ಮದು ಅಂದುಕೊಂಡಿದ್ದೀರಿ ಅನ್ನುವುದರ ಮೇಲಿದೆ.

ಕೊರಳಲ್ಲಿರೋ ಸರದಲ್ಲೇ ಜಪ ಮಾಡಬಹುದಾ?

ಬೇರೆ ಬೇರೆ ಇಟ್ಟುಕೊಳ್ಳುವುದು ರೂಢಿ. ಜಪದ ಸರ ಯಾರ ಕಣ್ಣಿಗೂ ಬೀಳಬಾರದು ಅಂತ ಗೋಮುಖಿ ಚೀಲದಲ್ಲಿ ಇಡುತ್ತಾರೆ. ಅದರಲ್ಲಿ 108 ಮಣಿ, ಮೇಲೊಂದು ಮೇರು ಮಣಿ. ಹೆಬ್ಬೆರಳು, ನಡುಬೆರಳಿಂದ ಒಂದೊಂದೇ ಮಣಿ ಎಳೆದುಕೊಳ್ಳುವುದು, ತೋರುಬೆರಳು ತಾಗಿಸುವುದಿಲ್ಲ. ಮೇರು ಬಂದಾಗ ದಾಟದೆ ಸರವನ್ನು ತಿರುಗಿಸಿ ಬಂದ ದಾರಿಯಲ್ಲೇ ಹಿಂದಕ್ಕೆ. ಒಂದು ಸುತ್ತಿಗೆ ನೂರು ಅಂತಲೇ ಲೆಕ್ಕ. ಎಂಟು ಮಣಿ ನಡುವೆ ತಪ್ಪಿದ್ದಕ್ಕೆ, ಮನಸ್ಸು ಎತ್ತಲೋ ಹೋದದ್ದಕ್ಕೆ ಬಿಟ್ಟದ್ದು ಅನ್ನುತ್ತಾರೆ. ಈ ವಿವರಣೆ ನನಗೆ ಬಹಳ ಇಷ್ಟ.

ಸ್ನಾನ ಮಾಡುವಾಗ, ಮಲಗುವಾಗ ತೆಗೀಬೇಕಾ? ಎಣ್ಣೆ ಹಚ್ಚಬೇಕಾ?

ಶಾಸ್ತ್ರ ಬಿಟ್ಟು ಮಣಿಯ ಕಡೆಯಿಂದ ಹೇಳುತ್ತೇನೆ. ರುದ್ರಾಕ್ಷಿಗೆ ತಣ್ಣೀರು ತೊಂದರೆ ಇಲ್ಲ. ಬಿಸಿನೀರು, ಸೋಪು, ಶಾಂಪೂ ಅದರೊಳಗಿನ ಜಿಡ್ಡು ತೆಗೆದು ಒಣಗಿಸುತ್ತವೆ, ಆಮೇಲೆ ಬಿರುಕು ಬಿಡುತ್ತದೆ. ಎರಡು ಮೂರು ತಿಂಗಳಿಗೊಮ್ಮೆ ಮೆತ್ತನೆ ಬ್ರಷ್ಷಿನಿಂದ ಗೀರಿನ ಕೊಳೆ ತೆಗೆದು, ಎಳ್ಳೆಣ್ಣೆ ಸವರಿ, ಒಂದು ರಾತ್ರಿ ಬಿಟ್ಟು, ಬಟ್ಟೆಯಿಂದ ಚೆನ್ನಾಗಿ ಒರೆಸಿ. ಒರೆಸದೆ ಹಾಗೇ ಹಾಕಿಕೊಂಡರೆ ಧೂಳು ಕೂತು, ಬಿಳಿ ಅಂಗಿಯ ಕಾಲರ್ ಹಾಳಾಗುತ್ತದೆ.

ತುಳಸಿ ಮಣಿ ಇದರ ಉಲ್ಟಾ. ಅದು ಮೆತ್ತನೆ ಮರ. ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಸೀಳುತ್ತದೆ. ಯಾವಾಗಲೂ ಧರಿಸುವ ದೀಕ್ಷೆ ಇಲ್ಲದಿದ್ದರೆ ಸ್ನಾನಕ್ಕೆ ತೆಗೆಯಿರಿ. ಮಲೆನಾಡಿನ ಮಳೆಗಾಲದಲ್ಲಿ ಎರಡಕ್ಕೂ ದಾರದಲ್ಲಿ ಬೂಷ್ಟು ಬರುತ್ತದೆ. ಮುಗ್ಗಲು ವಾಸನೆ ಬಂದರೆ ಮಣಿ ಕೆಟ್ಟಿದೆ ಅಂದುಕೊಳ್ಳಬೇಡಿ, ದಾರ ಬದಲಿಸಿ.

ರುದ್ರಾಕ್ಷಿ ಹಾಕಿದ್ರೆ ಬಿಪಿ ಕಮ್ಮಿ ಆಗುತ್ತಾ? ನನಗೆ ಕುತ್ತಿಗೆ ಕೆರೆತ ಬಂದಿದೆ.

ಬಿಪಿ ಮಾತ್ರೆ ಬಿಡುವಂಥ ಭರವಸೆ ಯಾವ ಮಣಿಯಿಂದಲೂ ಸಿಕ್ಕಿಲ್ಲ. ಕೂತು ಅರ್ಧ ಗಂಟೆ ಜಪ ಮಾಡಿದರೆ ಮನಸ್ಸು ಸಮಾಧಾನ ಆಗುತ್ತದೆ, ಅದು ಬೇರೆ ಮಾತು. ರಾತ್ರಿ ಮಣಿ ನೆನೆಸಿ ಬೆಳಗ್ಗೆ ಆ ನೀರು ಕುಡಿಯುವವರಿದ್ದಾರೆ. ಅಂಗಡಿಯ ಮಣಿಗೆ ಬಣ್ಣ, ಪಾಲಿಶು ಹಾಕಿರುತ್ತಾರೆ. ಅದನ್ನು ಯಾಕೆ ಹೊಟ್ಟೆಗೆ ಹಾಕಿಕೊಳ್ಳಬೇಕು?

ಕೆರೆತಕ್ಕೆ ಕಾರಣವೂ ಹೆಚ್ಚಾಗಿ ಆ ಬಣ್ಣವೇ, ಇಲ್ಲವೇ ಮಣಿಯ ಎರಡೂ ತುದಿಗೆ ಹಾಕಿದ ಅಗ್ಗದ ಲೋಹದ ಟೋಪಿ. ಪತ್ತೆ ಮಾಡುವುದು ಸುಲಭ. ಟೋಪಿ ತಾಗುವ ಜಾಗದಲ್ಲಿ ಮಾತ್ರ ಚುಕ್ಕೆ ಚುಕ್ಕೆಯಾಗಿ ಕೆಂಪಗಿದ್ದರೆ ಲೋಹ. ಸರ ಬಿದ್ದಲ್ಲೆಲ್ಲ ಪಟ್ಟಿಯಂತೆ ಕೆಂಪಗಿದ್ದರೆ ಬಣ್ಣ ಅಥವಾ ಹೊಸ ಮಣಿಯ ಮುಳ್ಳು. ಒಂದು ವಾರ ತೆಗೆದಿಡಿ, ವಾಸಿಯಾಗದಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ.

## ಅಸಲಿ ಯಾವುದು, ನಕಲಿ ಯಾವುದು

ನೀರಲ್ಲಿ ಮುಳುಗಿದ್ರೆ ಅಸಲಿ, ತೇಲಿದ್ರೆ ನಕಲಿ ಅಲ್ವಾ?

ಅಲ್ಲ. ಎಲ್ಲಕ್ಕಿಂತ ಜಾಸ್ತಿ ಜನ ಮೋಸ ಹೋಗುವುದು ಈ ಪರೀಕ್ಷೆಯಲ್ಲೇ. ಮಣಿ ಮುಳುಗುವುದೋ ತೇಲುವುದೋ ಅನ್ನುವುದು ಅದು ಎಷ್ಟು ಒಣಗಿದೆ, ಎಣ್ಣೆ ಕುಡಿದಿದೆಯಾ, ಒಳಗೆ ಬೀಜ ತುಂಬಿದೆಯಾ ಇಲ್ಲವಾ ಅನ್ನುವುದರ ಮೇಲೆ. ಹೊಸ ಮಣಿ ಮುಳುಗುತ್ತದೆ. ಅದೇ ಮಣಿ ಹತ್ತು ವರ್ಷ ಡಬ್ಬಿಯಲ್ಲಿ ಒಣಗಿದರೆ ತೇಲಬಹುದು. ಗಟ್ಟಿ ಮರದಲ್ಲಿ ಕೆತ್ತಿ ಒಳಗೆ ಸೀಸದ ಚೂರು ಇಟ್ಟರೆ ನಕಲಿಯೂ ಕಲ್ಲಿನ ಹಾಗೆ ಮುಳುಗುತ್ತದೆ.

ಎರಡು ತಾಮ್ರದ ನಾಣ್ಯದ ನಡುವೆ ಹಿಡಿದರೆ ತಿರುಗುತ್ತದೆ ಅನ್ನುವುದೂ ಅಷ್ಟೇ. ಉಬ್ಬುತಗ್ಗು ಇರುವ ಗುಂಡನೆಯ ಯಾವ ವಸ್ತುವನ್ನೂ ಬೆರಳ ತುದಿಯಲ್ಲಿ ಒತ್ತಿ ಹಿಡಿದರೆ ಹೊರಳುತ್ತದೆ. ಬೇಕಾದರೆ ಒಣ ಬೋರೆಹಣ್ಣಿನ ಗೊರಟೆ ಹಿಡಿದು ನೋಡಿ.

ಜಾತ್ರೇಲಿ ಹನ್ನೊಂದು ಮುಖದ್ದು ತಗೊಂಡೆ. ಹೇಗೆ ನೋಡೋದು?

ಒಂದು ಮಣಿಯನ್ನು ಪೂರ್ತಿ ನೋಡೋಣ. ಬಿಸಿಲಲ್ಲಿ ಕೂತು ಒಂದು ಭೂತಕನ್ನಡಿ ಹಿಡಿಯಿರಿ. ಮೊದಲು ಎಣಿಕೆ. ಒಂದು ಗೀರಿಗೆ ಪೆನ್ಸಿಲ್ಲಿನಿಂದ ಚುಕ್ಕೆ ಇಟ್ಟು ಅಲ್ಲಿಂದ ಸುತ್ತಿ. ಹನ್ನೊಂದು ಸಿಕ್ಕಿತು ಅಂತಿಟ್ಟುಕೊಳ್ಳಿ. ಅದು ಇನ್ನೂ ಅರ್ಧ ಕೆಲಸ.

ಈಗ ಒಂದೊಂದೇ ಗೀರನ್ನು ಮೇಲಿನ ತೂತಿನಿಂದ ಕೆಳಗಿನ ತೂತಿನವರೆಗೆ ಕಣ್ಣಲ್ಲೇ ಹಿಂಬಾಲಿಸಿ. ಹುಟ್ಟಿನಿಂದ ಬಂದ ಗೀರು ಎಲ್ಲೂ ಕಡಿಯುವುದಿಲ್ಲ. ಆದರೆ ನೆಟ್ಟಗೂ ಇರುವುದಿಲ್ಲ. ಅಲ್ಲಲ್ಲಿ ಅಗಲ, ಅಲ್ಲಲ್ಲಿ ಕಿರಿದು, ಅಕ್ಕಪಕ್ಕದ ಮುಳ್ಳುಗಳು ಅದರ ಕಡೆ ಬಾಗಿರುತ್ತವೆ. ಅರದಿಂದ ಕೊರೆದ ಗೀರು ನೆಟ್ಟಗಿರುತ್ತದೆ, ಅಂಚು ಚೂಪು, ತಳದ ಬಣ್ಣ ತೆಳು. ಮುಳ್ಳುಗಳ ನಡುವೆಯೇ ಹಾದು ಅವನ್ನು ತುಂಡು ಮಾಡಿರುತ್ತದೆ. ಹನ್ನೊಂದರಲ್ಲಿ ಐದು ಗೀರು ಹೀಗೆ ಸಹಜವಾಗಿ, ಆರು ನೆಟ್ಟಗೆ ಕಂಡರೆ ನೀವು ತಂದದ್ದು ಪಂಚಮುಖಿ. ಕೊರೆದ ಜಾಗಕ್ಕೆ ಬಣ್ಣ ಬಳಿದಿರಬಹುದು. ಹಾಗಾಗಿ ಮಣಿಯನ್ನು ಬಿಸಿನೀರಲ್ಲಿ ಹತ್ತು ನಿಮಿಷ ಹಾಕಿ ತೆಗೆಯಿರಿ. ನೀರು ಸ್ವಲ್ಪ ಕಂದಾದರೆ ಗಾಬರಿ ಬೇಡ, ಅಸಲಿಯೂ ಬಣ್ಣ ಬಿಡುತ್ತದೆ. ಅಂಟು ಬಿಟ್ಟುಕೊಂಡು ಚೂರು ಉದುರಿದರೆ, ಹೊಸ ಗೆರೆ ಕಂಡರೆ ಕಥೆ ಮುಗಿಯಿತು. ದಾರ, ಟೋಪಿ ತೆಗೆದು ಈ ಪರೀಕ್ಷೆ ಮಾಡಿ, ಆಮೇಲೆ ನೆರಳಲ್ಲಿ ಒಣಗಿಸಿ ಎಣ್ಣೆ ಸವರಿ.

ಇಷ್ಟಾದರೂ ಅನುಮಾನ ಉಳಿದರೆ ಒಳಗಿನ ಕೋಣೆ ಎಣಿಸುವುದೊಂದೇ ದಾರಿ. ಅದಕ್ಕೆ ಎಕ್ಸ್‌ರೇ ಬೇಕು. ರುದ್ರಾಕ್ಷಿ ಪರೀಕ್ಷಿಸುವ ಲ್ಯಾಬುಗಳು ಅದನ್ನೇ ಮಾಡುವುದು. ಒಂದು ತೊಡಕಿದೆ. ಅಪರೂಪಕ್ಕೆ ಒಂದು ಕೋಣೆ ಬೆಳೆಯದೆ ಸೊರಗಿರುತ್ತದೆ, ಆಗ ಹೊರಗೆ ಗೀರು ಇದ್ದರೂ ಒಳಗೆ ಸರಿಯಾಗಿ ಕಾಣುವುದಿಲ್ಲ. ಹಾಗಾಗಿ ಹೊರಗಿನದು, ಒಳಗಿನದು ಎರಡನ್ನೂ ಸೇರಿಸಿ ನೋಡಬೇಕು. ಮಾರುವವನೇ ಕೊಡುವ ಲ್ಯಾಮಿನೇಟ್ ಮಾಡಿದ ಸರ್ಟಿಫಿಕೇಟಿನಲ್ಲಿ ನಿಮ್ಮದೇ ಮಣಿಯ ಫೋಟೊ, ತೂಕ ಇಲ್ಲದಿದ್ದರೆ ಅದು ಬರೀ ಕಾಗದ.

ಏಕಮುಖಿ ಎರಡು ಸಾವಿರಕ್ಕೆ ಕೊಡ್ತಾರೆ, ತಗೋಬಹುದಾ?

ಗುಂಡನೆಯ ಏಕಮುಖಿ ಅತ್ಯಂತ ಅಪರೂಪ. ಅದನ್ನು ರಸ್ತೆ ಬದಿ ಬಟ್ಟೆ ಹಾಸಿ ಮಾರುವುದಿಲ್ಲ. ಆ ಬೆಲೆಗೆ ಸಿಗುವುದು ಅಡಿಕೆಯಲ್ಲೋ ಮರದಲ್ಲೋ ಕೆತ್ತಿದ್ದು, ಇಲ್ಲವೇ ಗೋಡಂಬಿ ಆಕಾರದ, ಅರ್ಧಚಂದ್ರದಂಥ ಓಟೆ. ಈ ಎರಡನೆಯದು ಕೆತ್ತಿದ್ದಲ್ಲ, ಆದರೆ ಆಕಾರದಲ್ಲೇ ಬೇರೆ. ಭದ್ರಾಕ್ಷಿ ಅಂತ ಕೆಲವರು ಕರೆಯುತ್ತಾರೆ. ಮಣಿಯ ಮೇಲೆ ನಾಗರ, ತ್ರಿಶೂಲ, ಓಂ ಮೂಡಿದ್ದರೆ ಅದು ಮನುಷ್ಯರ ಕೈಚಳಕ. ಗೌರಿಶಂಕರ ಅಂತ ಮಾರುವ ಜೋಡಿ ಮಣಿಯಲ್ಲೂ ಎರಡು ಸೇರುವ ಜಾಗವನ್ನು ಭೂತಕನ್ನಡಿಯಲ್ಲಿ ನೋಡಿ, ಅಂಟಿಸಿದ್ದಾದರೆ ಅಂಟಿನ ಹೊಳಪು ಕಾಣುತ್ತದೆ.

ಹಳಬರು ಏನು ನೋಡಿ ಕೊಳ್ಳುತ್ತಿದ್ದರು ಅಂತ ತಿಳಿಯಬೇಕಾದರೆ ರುದ್ರಾಕ್ಷ ಜಾಬಾಲದಲ್ಲೇ ಇದೆ. ಹುಳ ತಿಂದದ್ದು, ಒಡೆದದ್ದು, ಮುಳ್ಳಿಲ್ಲದ್ದು ಬೇಡ. ತಾನಾಗೇ ತೂತು ಇರುವುದು ಉತ್ತಮ, ಮನುಷ್ಯರು ಕೊರೆದದ್ದು ಮಧ್ಯಮ. ನೆಲ್ಲಿಕಾಯಿ ಗಾತ್ರದ್ದು ಮೇಲು, ಬೋರೆಹಣ್ಣಿನಷ್ಟಿದ್ದರೆ ಮಧ್ಯಮ, ಕಡಲೆಯಷ್ಟಿದ್ದರೆ ಕಡಿಮೆ. ಒಂದರಿಂದ ಹದಿನಾಲ್ಕು ಮುಖದವರೆಗೆ ಅಲ್ಲಿ ಹೇಳಿದೆ. ಇಪ್ಪತ್ತು, ಇಪ್ಪತ್ತೊಂದು ಅಂತ ಬೆಲೆ ಏರಿಸುವವರು ಆ ಪಟ್ಟಿಯನ್ನು ಉದ್ದ ಮಾಡಿಕೊಂಡವರು.

ತುಳಸಿ ಸರದಲ್ಲೂ ಮೋಸ ಇದೆಯಾ?

ಇದೆ, ಹಣದ ಲೆಕ್ಕದಲ್ಲಿ ಸಣ್ಣದು ಅಷ್ಟೇ. ಯಾವುದೋ ಮೆತ್ತನೆ ಮರವನ್ನು ಮಿಷಿನ್ನಿನಲ್ಲಿ ಕಡೆದು ಬಣ್ಣ ಹಾಕಿರುತ್ತಾರೆ. ಎಲ್ಲ ಮಣಿಯೂ ಒಂದೇ ಅಚ್ಚಿನಲ್ಲಿ ತೆಗೆದಂತೆ, ಒಂದೇ ಬಣ್ಣದಲ್ಲಿ, ಗುಂಡಗೆ, ದಪ್ಪಗೆ ಇದ್ದರೆ ಅನುಮಾನಪಡಿ. ತುಳಸಿ ಕಾಂಡವೇ ಬೆರಳಿನಷ್ಟು ದಪ್ಪ ಆಗುವುದು ಕಷ್ಟ, ಹನ್ನೆರಡು ಮಿಲಿಮೀಟರ್ ಮಣಿ ರಾಶಿಗಟ್ಟಲೆ ಎಲ್ಲಿಂದ ಬರಬೇಕು? ಅಸಲಿ ಸರದಲ್ಲಿ ಕೆಲವು ಮಣಿ ತೆಳು ಬಣ್ಣ, ಕೆಲವು ಗಾಢ, ಒಂದೆರಡರಲ್ಲಿ ಸಣ್ಣ ಸೀಳು ಇರುತ್ತದೆ. ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ, ಹಾಕಿದ ಬಣ್ಣವಾದರೆ ಬಟ್ಟೆಗೆ ಹತ್ತುತ್ತದೆ. ಘಮಘಮ ಅಂದರೆ ಖುಷಿಪಡಬೇಡಿ. ತುಳಸಿಯ ಪರಿಮಳ ಎಲೆಯದು, ಒಣ ಮರಕ್ಕೆ ಅಷ್ಟು ವಾಸನೆ ಇರುವುದಿಲ್ಲ.

## ಸ್ವಂತ ಕೈಯಿಂದ ಮಾಡುವವರಿಗೆ

ಎಷ್ಟು ದಪ್ಪದ ಮಣಿ, ಎಷ್ಟು ಉದ್ದದ ಸರ? ಆನ್‌ಲೈನಲ್ಲಿ ತರಿಸಿದ್ದು ತಲೆಯೊಳಗೇ ಹೋಗ್ತಿಲ್ಲ.

ಗುಣಾಕಾರ ಮಾಡಿ ನೋಡಿ ತರಿಸಬೇಕು. 5 ಮಿ.ಮೀ. ಮಣಿ 108 ಅಂದರೆ 54 ಸೆಂ.ಮೀ. ಮಣಿ ಮಣಿ ನಡುವೆ ಒಂದೊಂದು ಗಂಟು ಹಾಕಿದರೆ ಗಂಟಿಗೆ ಸುಮಾರು 1 ಮಿ.ಮೀ., ಒಟ್ಟು 65 ಸೆಂ.ಮೀ. ಹತ್ತಿರ. ದೊಡ್ಡವರ ತಲೆಯ ಸುತ್ತಳತೆ 55ರಿಂದ 58 ಇರುತ್ತದೆ. ಆರಾಮವಾಗಿ ಇಳಿದು ಎದೆಯ ಮೇಲ್ಭಾಗಕ್ಕೆ ಬರುತ್ತದೆ. 8 ಮಿ.ಮೀ. ಮಣಿಯಾದರೆ ಗಂಟೂ ಸೇರಿ 97 ಸೆಂ.ಮೀ., ಹೊಟ್ಟೆಯವರೆಗೆ ಇಳಿಯುತ್ತದೆ, ಊಟಕ್ಕೆ ಬಗ್ಗಿದರೆ ಸಾರಿನಲ್ಲಿ ಅದ್ದುತ್ತದೆ. ಅದೇ 8 ಮಿ.ಮೀ.ನ 54 ಮಣಿ ಹಾಕಿದರೆ ಸುಮಾರು 49 ಸೆಂ.ಮೀ. ಕತ್ತಿಗೆ ಸರಿಯಾಗುತ್ತದೆ, ಆದರೆ ತಲೆಯೊಳಗೆ ತೂರುವುದಿಲ್ಲ. ಹಿಂದೆ ಕೊಂಡಿ ಬೇಕು. ನಿಮಗೆ ಬಂದಿರುವುದು ಬಹುಶಃ ಇದೇ ಅಳತೆಯದು.

ದಾರ ಸರದ ಮೂರು ಪಟ್ಟು ಉದ್ದ ಇಟ್ಟುಕೊಳ್ಳಿ, ಗಂಟು ಬಹಳ ತಿನ್ನುತ್ತದೆ. ಗಂಟು ಯಾಕೆ ಅಂದರೆ ಮಣಿ ಮಣಿ ಉಜ್ಜಿ ಸವೆಯುವುದಿಲ್ಲ, ಹರಿದರೂ ಎಲ್ಲ ಚೆಲ್ಲುವುದಿಲ್ಲ. ತುಳಸಿಗಂತೂ ಗಂಟು ಬೇಕೇ ಬೇಕು. ಪೋಣಿಸುವ ಮುಂಚೆ ಮಣಿಯನ್ನೆಲ್ಲ ಟವಲಿನ ಮಡಿಕೆಯಲ್ಲಿ ಸಾಲಾಗಿ ಇಟ್ಟು, ದಪ್ಪದ್ದು ನಡುವಿಗೆ, ಸಣ್ಣದು ಹಿಂದಕ್ಕೆ ಬರುವಂತೆ ಜೋಡಿಸಿಕೊಳ್ಳಿ. ಶಾಸ್ತ್ರದ ಎಣಿಕೆ ಬೇಕು ಅನ್ನುವವರಿಗೆ ಕೊರಳಿಗೆ 36, ತೋಳಿಗೆ 16, ಮಣಿಕಟ್ಟಿಗೆ 12 ಅಂತ ಇದೆ. ದಪ್ಪ ನೇಪಾಳಿ ಮಣಿಗೆ ಈ ಲೆಕ್ಕ ಸರಿಹೋಗುತ್ತದೆ.

ನಮ್ಮ ಕಟ್ಟೆ ತುಳಸಿ ಒಣಗಿಹೋಯ್ತು. ಅದರಲ್ಲೇ ಸರ ಮಾಡಬಹುದಾ?

ಧಾರಾಳವಾಗಿ ಮಾಡಬಹುದು, ಇದಕ್ಕಿಂತ ಅಸಲಿ ಎಲ್ಲೂ ಸಿಗುವುದಿಲ್ಲ. ಹಸಿ ಗಿಡ ಮಾತ್ರ ಕಡಿಯಬಾರದು. ದ್ವಾದಶಿ ದಿನ ಎಲೆಯನ್ನೂ ಕೀಳದ ಮನೆಗಳಲ್ಲಿ ಆ ದಿನ ಬುಡವನ್ನೂ ಮುಟ್ಟುವುದಿಲ್ಲ.

ಬುಡ ಸಮೇತ ಕಿತ್ತು, ಮಣ್ಣು ತೊಳೆದು, ನೆರಳಲ್ಲಿ ಮೂರು ವಾರ ಒಣಗಿಸಿ. ಬಿಸಿಲಿಗೆ ಹಾಕಿದರೆ ಸೀಳುತ್ತದೆ. ಪೆನ್ಸಿಲಿನಷ್ಟು ದಪ್ಪದ ಕಡ್ಡಿ ಆರಿಸಿ, ಸಣ್ಣ ಗರಗಸದಿಂದ 6 ಮಿ.ಮೀ. ತುಂಡು ಮಾಡಿ. ಕತ್ತರಿ ಬೇಡ, ಒತ್ತಿ ಚಪ್ಪಟೆಯಾಗುತ್ತದೆ. ನಡುವಿನ ತಿರುಳು ಮೆತ್ತಗಿರುವುದರಿಂದ ಗೋಣಿ ಹೊಲಿಯುವ ಸೂಜಿಯನ್ನು ತಿರುಗಿಸುತ್ತಾ ಒತ್ತಿದರೆ ಸಾಮಾನ್ಯವಾಗಿ ಹೋಗುತ್ತದೆ. ಬುಡದ ಗಟ್ಟಿ ತುಂಡಿಗೆ ಕೈ ಡ್ರಿಲ್ ಬೇಕು. ತೂತು ಹಾಕಿದ ಮೇಲೆ ಅಂಚನ್ನು ಮರಳು ಕಾಗದಕ್ಕೆ ಉಜ್ಜಿ ದುಂಡಗೆ ಮಾಡಿ. ಮೊದಲೇ ಉಜ್ಜಿದರೆ ತೂತು ಹಾಕುವಾಗ ಅರ್ಧ ಮಣಿ ಒಡೆದು ಕೆಲಸ ವ್ಯರ್ಥ. ಒಂದು ಗಿಡದಲ್ಲಿ 108 ಬರುವುದು ಕಷ್ಟ. 27 ಮಣಿಯ ಪುಟ್ಟ ಜಪದ ಸರ ಮಾಡಿ, ನಾಲ್ಕು ಸುತ್ತು ಎಣಿಸಿದರೆ 108 ಆಗುತ್ತದೆ.

ಒಡೆದ ಮಣಿ, ಹಳೇ ಸರ ಏನು ಮಾಡೋದು? ನದಿಗೆ ಬಿಡ್ತೀವಿ.

ಬರೀ ಮಣಿ ಬಿಟ್ಟರೆ ಪರವಾಗಿಲ್ಲ. ನೈಲಾನ್ ದಾರ, ಲೋಹದ ಟೋಪಿ, ಪ್ಲಾಸ್ಟಿಕ್ ಚೀಲ ಸಮೇತ ಬಿಡುವುದು ಯಾವ ಶಾಸ್ತ್ರದಲ್ಲೂ ಇಲ್ಲ. ದಾರ ಕತ್ತರಿಸಿ, ಟೋಪಿ ಬಿಡಿಸಿ, ಮಣಿಯನ್ನು ತುಳಸಿಕಟ್ಟೆಯ ಮಣ್ಣಲ್ಲೋ ಬಿಲ್ವದ ಮರದ ಬುಡದಲ್ಲೋ ಹೂತರೆ ಆಯಿತು. ತುಳಸಿ ಬೇಗ ಮಣ್ಣಾಗುತ್ತದೆ, ರುದ್ರಾಕ್ಷಿಗೆ ವರ್ಷಗಟ್ಟಲೆ ಬೇಕು. ಅದು ಮೊಳೆಯುತ್ತಾ ಅಂತಲೂ ಕೇಳುತ್ತಾರೆ. ತೂತು ಕೊರೆದು, ಎಣ್ಣೆ ಕುಡಿಸಿ, ಒಣಗಿದ ಮಣಿ ಮೊಳೆಯುವುದಿಲ್ಲ. ಗಿಡ ಬೇಕಿದ್ದರೆ ನರ್ಸರಿಯಿಂದ ಸಸಿ ತನ್ನಿ.